ಅತ್ತೆಯ ಇಪ್ಪತ್ತು ಷೇರು

ಚಳ್ಳಕೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದಾಗ ಮುಂಬಯಿಯ ದಲ್ಲಾಳಿಯೊಬ್ಬನ ಮೂಲಕ ಷೇರಿನ ರುಚಿ ಹತ್ತಿತು. ಒಂದು ನೂಲಿನ ಗಿರಣಿಯ ಷೇರು ಇಳಿಯುತ್ತದೆಂದು ನನಗೆ ಖಾತ್ರಿಯಾಗಿತ್ತು. ಇಳಿಯುವುದನ್ನು ಎರವಲು ತಂದಾದರೂ ಮೊದಲೇ ಮಾರಿ, ಇಳಿದ ಮೇಲೆ ಅಗ್ಗಕ್ಕೆ ಕೊಂಡು ಹಿಂದಿರುಗಿಸಿದರೆ ನಡುವಿನದು ಲಾಭ. ಮಾರಲು ನನ್ನಲ್ಲಿ ಷೇರಿರಲಿಲ್ಲ. ಮೊಳಕಾಲ್ಮುರಿನಲ್ಲಿದ್ದ ವಿಧವೆ ಸೋದರತ್ತೆಯ ಬಳಿ ಇಪ್ಪತ್ತಿದ್ದವು. ಅವುಗಳ ಡಿವಿಡೆಂಡಿನಿಂದಲೇ ಅವಳು ರೇಷ್ಮೆ ತಂದು ಎರಡು ಮಗ್ಗ ನಡೆಸುತ್ತಿದ್ದಳು. ಷೇರಿಗೆ ತಿಂಗಳಿಗೊಂದು ರೂಪಾಯಿ ಬಾಡಿಗೆ ಕೊಡುವೆ, ನಡುವೆ ಡಿವಿಡೆಂಡು ಬಂದರೆ ಅದನ್ನೂ ನಾನೇ ತುಂಬಿಕೊಡುವೆ ಎಂದು ಹೇಳಿ ಎರವಲು ತಂದೆ.

ಬೆಲೆ ಏರಿಬಿಟ್ಟರೆ ಭದ್ರತೆಗಿರಲೆಂದು ದಲ್ಲಾಳಿ ಎರಡು ಸಾವಿರ ಠೇವಣಿ ಕೇಳಿದ. ಮಂಡಿ ಸಾಹುಕಾರ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಗೆ ಕೊಟ್ಟ.

"ಏನ್ಲೇ, ಅತ್ತೆ ಮಾಲು ಮಾರಿ ಸಾಹುಕಾರ ಆಗ್ತೀಯಾ?" ಎಂದು ನಕ್ಕ.

"ನಾಕು ತಿಂಗ್ಳು ತಡೀರಿ, ನೋಡೀರಂತೆ" ಎಂದೆ.

ಮುನ್ನೂರರಂತೆ ಮಾರಿದ್ದೆ. ನಾಲ್ಕು ತಿಂಗಳಿಗೆ ಇನ್ನೂರ ಎಪ್ಪತ್ತಕ್ಕೆ ಸಿಕ್ಕಿತು, ಕೊಂಡೆ. ಆರುನೂರು ಗೆದ್ದೆನೆಂದು ಮಂಡಿಯಲ್ಲಿ ಎಲ್ಲರಿಗೂ ಹೇಳಿಕೊಂಡೆ. ಠೇವಣಿಗೆ ನೂರಕ್ಕೆ ಮೂವತ್ತರ ಲಾಭವಲ್ಲವೇ! ಆದರೆ ಆ ಮೂವತ್ತು ರೂಪಾಯಿಯ ಇಳಿತದಲ್ಲಿ ಅರ್ಧ ನನ್ನ ಜಾಣತನವೇ ಅಲ್ಲ. ನಡುವೆ ಗಿರಣಿ ಷೇರಿಗೆ ಹದಿನೈದರ ಡಿವಿಡೆಂಡು ಕೊಟ್ಟಿತ್ತು, ಅಷ್ಟು ಬೆಲೆ ತಾನಾಗಿಯೇ ಬಿದ್ದಿತ್ತು. ಆ ಹಣ ನನ್ನಿಂದ ಕೊಂಡವನಿಗೆ ಹೋಯಿತು. ಅತ್ತೆಗೆ ಮುನ್ನೂರು ನಾನು ಕೊಡಬೇಕಿತ್ತು. ಬಾಡಿಗೆ ಎಂಬತ್ತು, ಬಡ್ಡಿ ಎಂಬತ್ತು, ದಲ್ಲಾಳಿಗೂ ತಂತಿಗೂ ಇಪ್ಪತ್ತು. ಎಲ್ಲ ಕಳೆದರೆ ಉಳಿಯುವುದು ನೂರ ಇಪ್ಪತ್ತು. ನೂರಕ್ಕೆ ಆರು ಮಾತ್ರ. ಅಷ್ಟು ಜಂಬ ಕೊಚ್ಚಿದ ಮೇಲೆ ಆ ಆರು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಷೇರುಗಳನ್ನೂ ಬಾಡಿಗೆಯನ್ನೂ ಹಿಡಿದು ಮೊಳಕಾಲ್ಮುರಿಗೆ ಹೋದೆ.

"ಡಿವಿಡೆಂಡು ಏನಾಯ್ತು ನಾಯನಾ?" ಎಂದಳು ಅತ್ತೆ.

"ಈ ಸಲ ಕೊಡ್ಲಿಲ್ಲತ್ತೆ."

"ನಿಮ್ಮ ಮಾವ ಇದ್ದಾಗಿಂದ ಒಂದು ಸಲಾನೂ ತಪ್ಪಿರ್ಲಿಲ್ಲ. ಹಂಗಾರೆ ಆ ಮಿಲ್ಲು ಮುಳುಗ್ತೈತೆ. ಮಾರ್ಬಿಡು, ಇರೋದಾದ್ರೂ ಉಳೀಲಿ."

ನಾನು ಇದನ್ನು ಎಣಿಸಿರಲಿಲ್ಲ. ಬೇಡ ಅತ್ತೆ, ಗಿರಣಿ ಗಟ್ಟಿಯಾಗಿದೆ ಎಂದರೆ, ಡಿವಿಡೆಂಡು ಎಲ್ಲಿ ಎಂದು ಕೇಳುತ್ತಿದ್ದಳು. ಅವಳು ರುಜು ಹಾಕಿದ ಕಾಗದಗಳನ್ನು ದಲ್ಲಾಳಿಗೆ ಕಳಿಸಿದೆ. ಇನ್ನೂರ ಅರವತ್ತೈದಕ್ಕೆ ಹೋದವು.

ಮರುವರ್ಷ ಗಿರಣಿ ಎಂದಿನಂತೆ ಡಿವಿಡೆಂಡು ಕೊಟ್ಟಿತು. ಮಾರಿದ ಹಣ ಮನೆಖರ್ಚಿಗೆ ಕರಗುತ್ತ ಬಂದು ಅತ್ತೆ ಒಂದು ಮಗ್ಗ ಬಿಚ್ಚಿಸಿದಳು, ಆಮೇಲೆ ಇನ್ನೊಂದನ್ನೂ. ಅವಳು ಸಾಯುವವರೆಗೂ ನಾನು ನಿಜ ಹೇಳಲಿಲ್ಲ.

ಮಾರಿದ ಹಣ ಒಪ್ಪಿಸಿದ ದಿನ ಅವಳು ಅದರಿಂದ ಐದು ರೂಪಾಯಿ ತೆಗೆದು, "ನನಗೋಸ್ಕರ ಓಡಾಡಿದೀಯ, ಇಟ್ಕೋ" ಎಂದು ನನ್ನ ಕೈಗೆ ತುರುಕಿದಳು. ನಾನು ಇಟ್ಟುಕೊಂಡೆ.