ಬಿಸಿಲು ಬೀಳದ ಜಾಗ

ಬೇಕರಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕೆರೆಯ ದಂಡೆಗೆ ಬಂದು ಬ್ಯಾಗು ಇಳಿಸಿ ಇನ್ನೂ ಉಸಿರು ಬಿಟ್ಟಿಲ್ಲ, ಗೆಳತಿ ಟೀಚರ್ ಆಗಲೇ ನೀರಿನಂಚಿನ ಬಯಲನ್ನು ತೋರಿಸಿ, "ಇಲ್ಲೇ ಟೆಂಟ್ ಹಾಕೋಣ ಕಣ್ರೇ, ಬಾಗಿಲು ಪೂರ್ವಕ್ಕಿರ್ಲಿ. ಮಲಗಿದಲ್ಲಿಂದ್ಲೇ ಸೂರ್ಯೋದಯ ನೋಡ್ಬಹುದು," ಅಂದಳು.

ಸೂರ್ಯೋದಯವಂತೆ! ಮದುವೆಯಾಗಿ ಬಂದಾಗಿನಿಂದ ಕೋಳಿಗಿಂತ ಮೊದಲೆದ್ದು ಹಿಟ್ಟು ನಾದಿ, ಬ್ರೆಡ್ಡನ್ನು ಒಲೆಗೆ ತಳ್ಳಿದವಳು ಅಕ್ಕ. ಊರಿಗೆ ಬೆಳಕಾಗುವ ಹೊತ್ತಿಗೆ ಅವಳ ಅರ್ಧ ದಿನದ ಕೆಲಸ ಮುಗಿದಿರುತ್ತಿತ್ತು. ಶಾಲೆಯ ಕಾಲದಿಂದ ಮೂವರೂ ಹೋಗೋಣ ಹೋಗೋಣ ಎನ್ನುತ್ತಿದ್ದ ಈ ಮೊದಲ ಕ್ಯಾಂಪಿಗೆ ಅವಳು ಹೊರಟಿದ್ದೇ ಒಂದು ಆಸೆಗೆ. ಒಂದೇ ಒಂದು ದಿನ, ಬಿಸಿಲೇರುವವರೆಗೆ ಮಲಗಬೇಕು.

"ಬಯಲಲ್ಲಿ ಬಿಸಿಲು ಬಿದ್ರೆ ಟೆಂಟು ನನ್ನ ಒಲೆ ಥರಾನೇ ಕಾಯುತ್ತೆ. ಆ ದಿಣ್ಣೆ ನೋಡು, ಪೂರ್ವಕ್ಕೆ ಮರಗಳ ಸಾಲಿದೆ. ನಾನಂತೂ ಅಲ್ಲೇ."

"ಅಲ್ಲಿಂದ ಏನ್ ಕಾಣುತ್ತೆ, ಮಣ್ಣು!"

"ಏನೂ ಕಾಣ್ಬಾರ್ದು. ಅದಕ್ಕೇ ಹೇಳಿದ್ದು."

"ನೀರಿನ ಪಕ್ಕ ಸೊಳ್ಳೆ ಕಣೇ, ನೆಲಾನೂ ಹಸಿ," ಎಂದು ಮೂರನೆಯವಳಾದ ನರ್ಸ್ ಬೇಕರಿ ಅಕ್ಕನ ಕಡೆ ವಾಲಿದಳು. ಟೀಚರ್ ಮುಖ ಊದಿಸಿಕೊಂಡೇ ದಿಣ್ಣೆ ಹತ್ತಿದಳು. ತಲೆಯ ಮೇಲೆ ಒಣಕೊಂಬೆ ಇಲ್ಲದ ಸಮತಟ್ಟು ಜಾಗ ಹುಡುಕಿ, ಕಲ್ಲು ಆರಿಸಿ, ದಪ್ಪ ಚಾಪೆ ಹಾಸಿ, ಎರಡು ಟೆಂಟು ಎಬ್ಬಿಸಿದರು. ಒಂದು ಅಕ್ಕನಿಗೇ.

ಸಂಜೆ ಟೀಚರ್ ಹೊಸ ರಗಳೆ ತೆಗೆದಳು. ಮೊದಲು ಅಂತ್ಯಾಕ್ಷರಿ, ಆಮೇಲೆ ಕ್ವಿಜ್, ಆಮೇಲೆ ನಕ್ಷತ್ರ ಗುರುತಿಸುವುದು. "ಅಡುಗೆಗೆ ಹೇಗೂ ನೀನಿದ್ದೀಯಲ್ಲ!"

"ಇದೇನು ನಿನ್ನ ಕ್ಲಾಸಾ? ನಾನೇನು ನಿಮ್ಮ ಮನೆ ಒಲೆನಾ? ಬೆಂಕಿ ಮುಟ್ಟಲ್ಲ ನಾನು, ಹೋಗ್ರೇ!"

ಅವಳು ಕೂಗಿದ ರಭಸಕ್ಕೆ ನೀರಹಕ್ಕಿಗಳು ಎದ್ದವು. ಮನೆಯಿಂದ ತಂದ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಫ್ಲಾಸ್ಕಿನ ಚಹಾ, ಅಷ್ಟೇ ಊಟ. ಮೂವರೂ ದಂಡೆಯಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತರು. ಕತ್ತಲಾಗುವಾಗ ನರ್ಸ್ ಗುನುಗಿದ ಹಾಡಿಗೆ ಟೀಚರ್ ದನಿಗೂಡಿಸಿದಳು. ಅಂತ್ಯಾಕ್ಷರಿಯ ಮಾತೇ ಬರಲಿಲ್ಲ.

ಮರುದಿನ ಕತ್ತಲಿರುವಾಗಲೇ ಅಕ್ಕನಿಗೆ ಎಚ್ಚರವಾಯಿತು. ಹಾಳು ಶರೀರ! ನಾದಲು ಹಿಟ್ಟಿಲ್ಲ, ತಳ್ಳಲು ಬ್ರೆಡ್ಡಿಲ್ಲ, ಆದರೂ ಬೆರಳುಗಳು ಚುರುಗುಟ್ಟುತ್ತಿದ್ದವು. ಯಾರ ಮೇಲೆ ಸಿಟ್ಟು ಮಾಡುವುದು? ಅತ್ತೆಯ ಮೇಲೆ, ಗಂಡನ ಮೇಲೆ, ಬೆಳಗಾದರೆ ಬನ್ನು ಬೇಕೆನ್ನುವ ಇಡೀ ಊರಿನ ಮೇಲೆ ಅವಳಿಗೆ ರೋಷ ಉಕ್ಕಿತು. ಹಟಕ್ಕೆ ಬಿದ್ದು ಕಣ್ಣು ಮುಚ್ಚಿಕೊಂಡಳು.

ಹೊರಗೆ ಹೆಜ್ಜೆ ಸಪ್ಪಳ. ಸೂರ್ಯೋದಯಕ್ಕೆ ಹೊರಟವರು.

"ಅವಳನ್ನೂ ಎಬ್ಬಿಸ್ಲಾ?" ನರ್ಸ್ ಪಿಸುಗುಟ್ಟಿದಳು.

"ಬೇಡ ಕಣೇ, ಮಲಗ್ಲಿ ಬಿಡು," ಅಂದಳು ಟೀಚರ್.

ಮದುವೆಯಾದ ಮೇಲೆ ತನ್ನ ಬಗ್ಗೆ ಯಾರ ಬಾಯಲ್ಲೂ ಅವಳು ಈ ಮಾತು ಕೇಳಿರಲಿಲ್ಲ. ಕಂಬಳಿಯ ಅಂಚನ್ನು ಬಾಯಿಗೆ ಒತ್ತಿಕೊಂಡು, ಅವರಿಗೆ ಕೇಳಿಸದಂತೆ ಅತ್ತಳು.