ಕರಪತ್ರದಿಂದ ಹೊಡೆದುಹಾಕಿದ ಸಾಲು

ಕೊಟ್ರಮ್ಮ 2009ರ ಮಾರ್ಚ್ ಹದಿನಾರರ ಸೋಮವಾರ ಬೆಳಗ್ಗೆ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡಳು. ನಲವತ್ತೊಂದು ವರ್ಷ. ಎರಡೂ ಕಿಡ್ನಿ ಹೋಗಿದ್ದವು. ಅದೇ ಸಂಜೆ ಹಗರಿಬೊಮ್ಮನಹಳ್ಳಿಯಲ್ಲಿ ಮಣ್ಣು ಮಾಡಿದರು.

ಬಸ್ ನಿಲ್ದಾಣದ ಎದುರು ಹದಿಮೂರು ವರ್ಷ ಅವಳ ಡಿ.ಟಿ.ಪಿ. ಅಂಗಡಿ ಇತ್ತು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬೇಸಿಗೆಯಲ್ಲಿ ಕಾಗದ ಕಚ್ಚಿಕೊಳ್ಳುವ ಒಂದು ಜೆರಾಕ್ಸ್ ಯಂತ್ರ. ಜನ ಬಾಯಿಮಾತನ್ನು ತಂದು ಅವಳ ಮುಂದೆ ಸುರಿಯುತ್ತಿದ್ದರು. ಅವಳು ಅದನ್ನು ಊರು ಓದುವ ಹಾಗೆ ಬರೆದುಕೊಡುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಶಾಲೆ ಬಿಟ್ಟ ಮೇಲೆ ಅವಳ ಸ್ಟೂಲಿನ ಮೇಲೆ ಕೂತು ತಪ್ಪು ತಿದ್ದುತ್ತಿದ್ದೆ. ಅವಳು ನನಗಿಂತ ಒಂದು ವರ್ಷ ದೊಡ್ಡವಳು. ಕಾಲೆಳೆಯಬೇಕು ಅನ್ನಿಸಿದಾಗಲೆಲ್ಲ ನನ್ನನ್ನು "ಟೀಚರಮ್ಮಾ" ಅನ್ನುತ್ತಿದ್ದಳು.

ಮೊಬೈಲು ಬಂದ ಮೇಲೆ ಜನ ಚೀಟಿ ತರುವುದನ್ನು ಬಿಟ್ಟರು. ಮನೆಮಂದಿಗೆಲ್ಲ ಕಳಿಸಿದ ಮೆಸೇಜನ್ನೇ ಅವಳ ಫೋನಿಗೆ ದಾಟಿಸಿ, ಇದನ್ನೇ ಅಚ್ಚು ಹಾಕು ಅನ್ನುವರು. ಹಡಗಲಿಯ ಒಬ್ಬ ಅಣ್ಣ ತನ್ನ ತಮ್ಮನ ಮದುವೆಗೆ ಹಾಗೆ ಕಳಿಸಿದ್ದ: "ನಮ್ಮ ಹುಲಿ ಇಪ್ಪತ್ತನೇ ತಾರೀಖು ಬೋನಿಗೆ ಬೀಳತೈತಿ, ಎಲ್ಲಾರೂ ನೋಡಾಕ ಬರ್ರಿ."

"ಅಣ್ಣಾರ, ಇದು ಲಗ್ನಪತ್ರಿಕೀನೋ ಅರಣ್ಯ ಇಲಾಖಿ ನೋಟೀಸೋ?" ಎಂದು ಕೊಟ್ರಮ್ಮ ಕೇಳಿದಳು. "ಬೀಗರು ಬಂದೂಕು ಹಿಡಕಂಡು ಬಂದಾರು, ಹೆಸ್ರು ಹೇಳ್ರಿ."

ಈ ಕೆಲಸಕ್ಕೆ ನಾನೇ ಅವಳಿಗೆ ಒಂದು ಕ್ರಮ ಹೇಳಿಕೊಟ್ಟಿದ್ದೆ. ಮನೆಯವರಿಗೆ ಮಾತ್ರ ಗೊತ್ತಿರುವ ಮಾತಿನ ಕೆಳಗೆ ಗೆರೆ ಎಳೆ. "ಇವತ್ತು" ಅಂತಿದ್ದರೆ ತಾರೀಖು ಕೇಳು. "ಅದೇ ಜಾಗ" ಅಂತಿದ್ದರೆ ಯಾವ ಜಾಗ ಕೇಳು. ತಮಾಷೆ ಇದ್ದರೆ ತೆಗೆ. ಅವಳು ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ನಾನು ಬೇಸರಪಟ್ಟು ಬಿಟ್ಟುಬಿಡುತ್ತಿದ್ದ ಕಡೆ ಅವಳು ಫೋನು ಮಾಡಿ ಕೇಳುತ್ತಿದ್ದಳು.

2007ರ ಮೇ ಹನ್ನೊಂದು, ಶುಕ್ರವಾರ. ಬೇಸಿಗೆ ರಜೆಯಾದ್ದರಿಂದ ನಾನು ಬೆಳಗ್ಗೆಯೇ ಅಂಗಡಿಯಲ್ಲಿದ್ದೆ. ಹಂಪಸಾಗರದ ಪಾಲಾಕ್ಷಪ್ಪ ಬಂದರು. ಕುರಿ ಸಾಕುವ ಮನೆತನ, ಸ್ವಲ್ಪ ಹೊಲವೂ ಇತ್ತು. ಅವರ ತಮ್ಮ ಕಾಂತೇಶ್ ಹಿಂದಿನ ದಿನದಿಂದ ಕಾಣೆಯಾಗಿದ್ದ. ಮೂವತ್ತು ವರ್ಷದ ಆಳು, ಬುದ್ಧಿ ಮಾತ್ರ ಐದಾರು ವರ್ಷದ ಹುಡುಗನದು. ಪೊಲೀಸರಿಗೆ ದೂರು ಕೊಟ್ಟಾಗಿತ್ತು. ಈಗ ಸುತ್ತಲಿನ ಊರುಗಳ ಬಸ್ ನಿಲ್ದಾಣಗಳಿಗೆ ಅಂಟಿಸಲು ಕರಪತ್ರ ಬೇಕಿತ್ತು.

"ಬರಿಯಾಕ ನನಗ ಬರಂಗಿಲ್ಲವಾ. ನಮ್ಮ ಹುಡುಗಿ ನಿನ್ನಿ ಸಂಜಿಕ ಎಲ್ಲಾರಿಗೂ ಬಿಟ್ಟಿದ್ದು ಐತಿ, ಅದ್ರಾಗ ಎಲ್ಲಾ ಅದಾವು" ಎಂದು ಫೋನು ಮುಂದಿಟ್ಟರು.

ಅವರ ಮಗಳು ಚಂದನಾ ಪಿ.ಯು.ಸಿ. ಓದುತ್ತಿದ್ದಳು. ಬಳಗದ ಹದಿನೈದು ನಂಬರುಗಳನ್ನು ಫೋನಿನಲ್ಲಿ ಒಂದು ಗುಂಪು ಮಾಡಿಟ್ಟುಕೊಂಡಿದ್ದಳು. ಮೆಸೇಜು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿತ್ತು. ಕೊಟ್ರಮ್ಮ ಅದನ್ನು ಕನ್ನಡದಲ್ಲಿ ಕಾಗದಕ್ಕಿಳಿಸಿದಳು:

"ನಮ್ಮ ಕಂಡಕ್ಟರ್ ಸಾಹೇಬ್ರು ಇವತ್ತು ಮುಂಜಾನಿ ಡ್ಯೂಟಿಗೆ ಹೋದವ್ರು ಇನ್ನಾ ಡಿಪೋಕ್ಕ ಬಂದಿಲ್ಲ. ಮಾವನ ಮದುವಿ ಅಂಗಿ ಹಾಕ್ಯಾರ. ಹೆಗಲಾಗ ಅರಸೀಕೆರಿ ಆಸ್ತಿ ಐತಿ. ಹೋದ ಸಲದ ಜಾಗದಾಗ ಇಲ್ಲ. ಯಾರಿಗಾದ್ರೂ ಕಂಡ್ರ ಹಂಪಸಾಗರಕ್ಕ ಟಿಕೆಟ್ ಕೇಳಿ ಕರಕಂಡು ಬರ್ರಿ. ಅಜ್ಜಿ ಉಣವಲ್ಲಳು."

ಅವನು ಹಿಂದೆಯೂ ಎರಡು ಸಲ ಹೀಗೆ ಹೋಗಿ ಸಂಜೆಗೆ ತಿರುಗಿ ಬಂದಿದ್ದ. ಈ ಸಲವೂ ಬರುತ್ತಾನೆ ಎಂಬ ನಂಬಿಕೆಯಲ್ಲಿ ಹುಡುಗಿ ನಗುತ್ತ ಬರೆದಿದ್ದಳು. ರಾತ್ರಿ ಕಳೆದು ಬೆಳಗಾದ ಮೇಲೆ ಓದಿದರೆ ಅದು ಬೇರೆಯೇ ಮಾತಾಗಿತ್ತು.

ಕೊಟ್ರಮ್ಮ ಐದು ಕಡೆ ಗೆರೆ ಎಳೆದು ಚಂದನಾಗೆ ಫೋನು ಮಾಡಿದಳು.

"ಮದುವಿ ಅಂಗಿ ಅಂದ್ರ ಯಾವ ಬಣ್ಣವಾ?"

"ಹಳದಿ ರೀ ಅಕ್ಕಾ. ಕಣ್ಣಿಗೆ ಹೊಡಿಯೋ ಹಳದಿ. ಮಾವನ ಮದುವ್ಯಾಗ ಎಲ್ಲಾರೂ ನಕ್ಕಿದ್ರು."

"ಆಸ್ತಿ ಏನು?"

"ಕೆಂಪು ರೆಕ್ಸಿನ್ ಚೀಲ. ಅರಸೀಕೆರಿ ಅತ್ತಿ ಕೊಟ್ಟಿದ್ದು. ಯಾರಿಗೂ ಮುಟ್ಟಗೊಡಂಗಿಲ್ಲ."

ಹೋದ ಸಲದ ಜಾಗ ಕೊಟ್ಟೂರು ಬಸ್ ನಿಲ್ದಾಣ ಎಂದು ತಿಳಿಯಿತು. ಮುಂಜಾನೆ ಅಂದರೆ ಗುರುವಾರ ಏಳು ಗಂಟೆ.

"ಕಂಡಕ್ಟರ್ ಯಾಕ?"

ಹುಡುಗಿ ತಡವರಿಸಿದಳು. "ಅದು ಚಾಷ್ಟಿ ರೀ, ಸುಮ್ಮನ ತಮಾಷಿಗೆ. ಚಿಗಪ್ಪ ಹಳೇ ಟಿಕೆಟ್ ಆರಿಸಿ ಚೀಲದಾಗ ತುಂಬಿಕೊಂತಾನ, ಸೀಟಿ ಹೊಡೀತಾನ. ಅದನ್ನ ಹಾಕಬ್ಯಾಡ್ರಿ ಅಕ್ಕಾ."

ಎದುರಿಗಿದ್ದ ಪಾಲಾಕ್ಷಪ್ಪನವರಿಗೂ ಇದು ಕೇಳಿಸಿತು. "ಹಾಕಬ್ಯಾಡ್ರವಾ. ಮನ್ಯಾಗ ನಾವು ಅಂತೀವಿ, ಆ ಮಾತು ಬ್ಯಾರೆ. ಊರೂರಿಗೆ ಅಂಟಿಸಿ ನನ್ನ ತಮ್ಮನ್ನ ನಗಿಪಾಟ್ಲು ಮಾಡಬ್ಯಾಡ್ರಿ."

ಕಂಡಕ್ಟರ್ ಅಂತ ಹಾಕಿದರೆ ಜನ ಖಾಕಿ ಅಂಗಿಯವನನ್ನು ಹುಡುಕುತ್ತಾರೆ ಎಂದು ನಾನೂ ಹೇಳಿದೆ. ಕೊಟ್ರಮ್ಮ ಆ ಸಾಲನ್ನು ಹೊಡೆದಳು. ಆಮೇಲೆ ಅವಳ ಪೆನ್ನು ಟಿಕೆಟ್ಟಿನ ಸಾಲಿನ ಮೇಲೆ ನಿಂತಿತು. ಒಂದು ಕ್ಷಣ ಹಾಗೇ ನಿಂತಿತ್ತು. ನಾನು ಕಂಡೆ.

"ಅದೂ ಅದೇ ಆಟದ್ದು. ತೆಗಿ" ಎಂದೆ.

ಅವಳು ತೆಗೆದಳು.

ಕರಪತ್ರ ಹೀಗೆ ಹೋಯಿತು: "ಕಾಣೆಯಾಗಿದ್ದಾರೆ. ಹೆಸರು ಕಾಂತೇಶ್, ವಯಸ್ಸು ಮೂವತ್ತು, ಎತ್ತರ ಐದೂವರೆ ಅಡಿ, ಎಣ್ಣೆಗೆಂಪು ಬಣ್ಣ. 10-5-2007ರ ಗುರುವಾರ ಬೆಳಗ್ಗೆ ಏಳು ಗಂಟೆಗೆ ಹಂಪಸಾಗರದ ಮನೆಯಿಂದ ಹೋದವರು ಮರಳಿಲ್ಲ. ಹಳದಿ ಅಂಗಿ, ಕಪ್ಪು ಪ್ಯಾಂಟು, ಹೆಗಲಲ್ಲಿ ಕೆಂಪು ರೆಕ್ಸಿನ್ ಚೀಲ. ಬುದ್ಧಿಮಾಂದ್ಯರು, ಹೆಚ್ಚು ಮಾತಾಡುವುದಿಲ್ಲ. ಕಂಡವರು ಹೋಗಗೊಡದೆ ನಿಲ್ಲಿಸಿಕೊಂಡು ಈ ನಂಬರಿಗೆ ತಿಳಿಸಿ." ಕೆಳಗೆ ಪಾಲಾಕ್ಷಪ್ಪನವರ ನಂಬರು, ಮೇಲೆ ಫೋಟೊ. ಓದಿ ನೋಡಿ, ಒಂದು ಮಾತೂ ಹೆಚ್ಚಿಲ್ಲ ಎಂದು ನಾನು ಮೆಚ್ಚಿದೆ. ಮಧ್ಯಾಹ್ನದೊಳಗೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಬಸ್ಸುಗಳಲ್ಲಿ ಕಟ್ಟುಗಳು ಹೋದವು.

ಕರಪತ್ರ ತನ್ನ ಕೆಲಸ ಮಾಡಿತು. ಶನಿವಾರ ಬೆಳಗ್ಗೆ ಹರಪನಹಳ್ಳಿ ನಿಲ್ದಾಣದಲ್ಲಿ ಹೂ ಮಾರುವ ದುರುಗಮ್ಮ ಹಳದಿ ಅಂಗಿಯನ್ನೂ ಕೆಂಪು ಚೀಲವನ್ನೂ ಗುರುತು ಹಿಡಿದಳು. ಗೋಡೆಯ ಕರಪತ್ರವನ್ನು ಮತ್ತೊಮ್ಮೆ ಓದಿಸಿಕೊಂಡು, "ಕಾಂತೇಶಪ್ಪಾ, ಕಾಂತೇಶಪ್ಪಾ" ಎಂದು ಕೂಗಿದಳು. ಅವನು ತಿರುಗಲಿಲ್ಲ. ನಿಂತ ಬಸ್ಸಿನ ಬಾಗಿಲಲ್ಲಿ ಸೀಟಿ ಹೊಡೆಯುತ್ತಿದ್ದ. ಅವಳು ಇಬ್ಬರು ಗಂಡಸರನ್ನು ಕರೆದಳು. ಕರಪತ್ರ ಹೇಳಿದ್ದಂತೆ ಅವರು ಅವನನ್ನು ನಿಲ್ಲಿಸಿಕೊಳ್ಳಲು ಹೋದರು. ಒಬ್ಬನ ಕೈ ಚೀಲಕ್ಕೆ ತಾಗಿತು. ಅವನು ಕೊಸರಿಕೊಂಡು ಓಡಿದ. ಪಾಲಾಕ್ಷಪ್ಪನವರು ಬಂದು ತಲುಪುವ ಹೊತ್ತಿಗೆ ಅವನು ಯಾವ ದಾರಿ ಹಿಡಿದನೆಂದು ಹೇಳುವವರಿರಲಿಲ್ಲ.

ಸೋಮವಾರ ಹರಪನಹಳ್ಳಿ ತಾಲ್ಲೂಕಿನದೇ ಅರಸೀಕೆರೆಯ ದಾರಿಯಲ್ಲಿ, ಹೊಲದೊಳಗಿನ ಕಟ್ಟೆಯಿಲ್ಲದ ಬಾವಿಯಲ್ಲಿ ಹೆಣ ಸಿಕ್ಕಿತು. ಅತ್ತೆಯ ಊರಿಗೆ ಹೊರಟಿದ್ದನೋ, ನೀರಿಗೆ ಬಗ್ಗಿದ್ದನೋ ಯಾರಿಗೂ ಗೊತ್ತಿಲ್ಲ. ಚೀಲ ಹೆಗಲಲ್ಲೇ ಇತ್ತು.

ನಾವಿಬ್ಬರೂ ಹಂಪಸಾಗರಕ್ಕೆ ಹೋದೆವು. ದುರುಗಮ್ಮನೂ ಬಂದಿದ್ದಳು. ಕಾಂತೇಶನ ತಾಯಿ ಪಾಲಮ್ಮ ಗೋಡೆಗೆ ಒರಗಿ ಕೂತಿದ್ದಳು.

"ಹೆಸ್ರು ಹಿಡಿದು ಎಷ್ಟು ಕೂಗಿದೆ ತಾಯಿ, ತಿರುಗಿ ನೋಡಲಿಲ್ಲ" ಎಂದಳು ದುರುಗಮ್ಮ.

"ಆ ಹೆಸ್ರು ಅವಗೇನು ಗೊತ್ತವಾ" ಎಂದಳು ಪಾಲಮ್ಮ. "ಅದನ್ನ ಸಾಲ್ಯಾಗ ಒಂದಿಷ್ಟು ದಿನ ಕರದಿದ್ರು. 'ಕಂಡಕ್ಟರ್, ಹಂಪಸಾಗರಕ್ಕ ಒಂದು ಕೊಡ್ರಿ' ಅಂದಿದ್ರ ಓಡಿ ಬಂದು ಟಿಕೆಟ್ ಹರದು ಕೊಡ್ತಿದ್ದ. ಕೊಟ್ಟ ಮ್ಯಾಲ ಕೇಳಿದವ್ರ ಕೈ ಬಿಡ್ತಿದ್ದಿಲ್ಲ. ಮನಿತನಕ ಬಂದು ಬಿಡ್ತಿದ್ದ."

"ಅದನ್ನ ಕಾಗದದಾಗ ಬರದಿದ್ರ ನಾನು ಅಂತಿದ್ದಿಲ್ಲೇನು?" ಎಂದಳು ದುರುಗಮ್ಮ. ಯಾರನ್ನೂ ಬೈಯಲು ಹೇಳಿದ ಮಾತಲ್ಲ.

ಹಂಪಸಾಗರದ ನಿಲ್ದಾಣದವರಿಗೆಲ್ಲ ಅವನ ಆಟ ಗೊತ್ತಿತ್ತಂತೆ. ಆ ಸಾಲು ಬೇಕಾಗಿದ್ದದ್ದು ಗೊತ್ತಿಲ್ಲದ ಊರಿಗೆ. ಗೊತ್ತಿಲ್ಲದ ಊರಿನ ಕಾಗದದಿಂದಲೇ ನಾವು ಅದನ್ನು ಹೊಡೆದಿದ್ದೆವು.

ಬಸ್ಸಿನಲ್ಲಿ ನಮ್ಮೂರಿಗೆ ತಿರುಗಿ ಬಂದೆವು. ಇಳಿಯುವಾಗ ಕೊಟ್ರಮ್ಮ, "ಚಾಷ್ಟಿ ಅಂತ ಗೊತ್ತಾತು. ಯಾಕ ಅಂತ ಕೇಳಿದೆ. ಅದ್ರಿಂದ ಅವ ಏನು ಮಾಡ್ತಾನ ಅಂತ ಕೇಳಲಿಲ್ಲ" ಎಂದಳು. ತೆಗೆ ಅಂದವಳು ನಾನು ಎಂದೆ. "ಪೆನ್ನು ನನ್ನ ಕೈಯಾಗಿತ್ತು ಟೀಚರಮ್ಮಾ" ಎಂದಳು. ಆಗ ಅವಳು ಕಾಲೆಳೆಯುತ್ತಿರಲಿಲ್ಲ.

ಅವಳು ಕೆಲಸ ಬಿಡಲಿಲ್ಲ. ಆ ಕರಪತ್ರದ ಒಂದು ಪ್ರತಿಯನ್ನು ಮೇಜಿನ ಗಾಜಿನ ಕೆಳಗೆ, ಪಕ್ಕದಲ್ಲಿ ಚಂದನಾಳ ಮೆಸೇಜು ಬರೆದುಕೊಂಡ ಕಾಗದವನ್ನು ಇಟ್ಟಳು. ಜನ ಮೆಸೇಜು ತಂದರೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮದುವೆ ಪತ್ರಿಕೆಯ ತಮಾಷೆಗಳನ್ನು ಮೊದಲಿನ ಹಾಗೇ ತೆಗೆಯುತ್ತಿದ್ದಳು. ಕಾಣೆಯಾದವರದ್ದು ಬಂದರೆ ಮಾತ್ರ ಒಂದೊಂದು ಅಡ್ಡಹೆಸರಿಗೂ ಕೂರಿಸಿ ಕೇಳುವಳು. ಹೊರಗಿನವರಿಗೆ ತಿಳಿಯದ್ದನ್ನು ಹೊಡೆಯದೆ, ತಿಳಿಯುವಂತೆ ಅರ್ಧ ಸಾಲು ಸೇರಿಸುವಳು. ಕೆಲವರು ಬೇಸತ್ತು ಎದ್ದುಹೋದದ್ದೂ ಉಂಟು.

ಮರುವರ್ಷ ಅವಳ ಕಾಲು ಬಾತವು. ವಾರಕ್ಕೆರಡು ಸಲ ದಾವಣಗೆರೆಯಲ್ಲಿ ಡಯಾಲಿಸಿಸ್. ಅಂಗಡಿಯನ್ನು ಅವಳ ತಮ್ಮ ಬಸವೇಶ್ ನೋಡಿಕೊಂಡ. ಯಂತ್ರಕ್ಕೆ ಜೋಡಿಸಿದ್ದ ನಾಲ್ಕು ಗಂಟೆಗಳಲ್ಲಿ ಅವಳು ಫೋನಿನಲ್ಲೇ ಅವನ ಕೆಲಸ ತಿದ್ದುವಳು.

ಅವಳು ತೀರಿಕೊಳ್ಳುವ ಎರಡು ದಿನ ಮೊದಲು, ಮಾರ್ಚ್ ಹದಿನಾಲ್ಕರ ಶನಿವಾರ, ಡಯಾಲಿಸಿಸ್ ಹೊತ್ತಿನಲ್ಲಿ ನಾನು ಜೊತೆಗಿದ್ದೆ. ಬಸವೇಶ್ ಒಂದು ಮೆಸೇಜು ದಾಟಿಸಿದ. ಕೂಡ್ಲಿಗಿ ಕಡೆಯ ಕರಿಸಿದ್ದಪ್ಪ ಎಂಬ ಮುದುಕರು, ಮರೆವು ಹೆಚ್ಚು, ಹಿಂದಿನ ದಿನದಿಂದ ಕಾಣೆ. ಮನೆಯವರು ಅವರ ಅಡ್ಡಹೆಸರು ಹಿಡಿದು ಬಳಗಕ್ಕೆ ಬರೆದಿದ್ದರು: "ಪಟೇಲರು ಮತ್ತ ಎಮ್ಮಿ ಹುಡುಕಾಕ ಹೋಗ್ಯಾರ." ಬಸವೇಶ್ ಅದನ್ನು ತೆಗೆದು ಹೆಸರು, ವಯಸ್ಸು, ಬಟ್ಟೆ, ತಾರೀಖು ಹಾಕಿದ್ದ. ಸರಿಯಾಗಿಯೇ ಇತ್ತು.

ಅವಳು ಅವನಿಗೆ ಫೋನು ಮಾಡಿದಳು. ಧ್ವನಿ ಸಣ್ಣದಾಗಿತ್ತು. "ಎಮ್ಮಿ ಏನದು? ಕೇಳಿದ್ಯಾ?"

"ಏನೋ ಅವರ ಮನಿ ಮಾತಕ್ಕಾ. ಯಾವಾಗೋ ಸತ್ತ ಎಮ್ಮಿ ಅಂತ."

"ಕೇಳಲೇ. ಎಮ್ಮಿ ಅಂದ್ರ ಅವರು ಏನು ಮಾಡ್ತಾರ ಅಂತ ಕೇಳು."

ಹತ್ತು ನಿಮಿಷಕ್ಕೆ ಅವನು ತಿರುಗಿ ಕರೆದ. ಎಮ್ಮೆ ಕೊಟ್ಟಿಗೆಗೆ ಬಂದಿದೆ ಅಂದರೆ ಮುದುಕರು ಎಲ್ಲಿದ್ದರೂ ಎದ್ದು ಮನೆ ಕಡೆ ನಡೆಯುತ್ತಾರಂತೆ. "ಆದ್ರ ಅದನ್ನ ಹಾಕಿದ್ರ ಜನ ನಗ್ತಾರಕ್ಕಾ" ಎಂದ.

"ನಗಲಿ. ನಕ್ಕೋತ ಕರೀಲಿ."

ಅವನು ಬರೆಯುತ್ತೇನೆ ಅಂದ. ಅವಳಿಗೆ ಸಮಾಧಾನವಾಗಲಿಲ್ಲ. ಒಂದು ಕೈ ಯಂತ್ರದ ಕೊಳವೆಗೆ ಕಟ್ಟಿತ್ತು. ಇನ್ನೊಂದು ಕೈಯ ಹೆಬ್ಬೆರಳಿನಿಂದ, ನಡುನಡುವೆ ಕಣ್ಣು ಮುಚ್ಚಿ ತೆರೆಯುತ್ತ, ಆ ಸಾಲನ್ನು ತಾನೇ ಒತ್ತಿದಳು: "ಹೆಸರಿಗೆ ತಿರುಗದಿದ್ದರೆ 'ಪಟೇಲರೇ, ಎಮ್ಮೆ ಕೊಟ್ಟಿಗೆಗೆ ಬಂದಿದೆ' ಎನ್ನಿ. ಜೊತೆಗೆ ಬರುತ್ತಾರೆ. ಕೈ ಹಿಡಿದು ಎಳೆಯಬೇಡಿ."

ನನಗೆ ತೋರಿಸಿದಳು. ನಾನು ಓದಿದೆ. ಅವಳು ಅದನ್ನು ಬಸವೇಶನಿಗೆ ಕಳಿಸಿದಳು.