ಅಕ್ಕನ ಮನೆಯ ಸಂಪು

ಬೀದಿಯ ಮಕ್ಕಳು ಅವನನ್ನು ಕೀಲಿಮಾವ ಎನ್ನುತ್ತಿದ್ದರು. ಕ್ರಮೇಣ ದೊಡ್ಡವರ ಬಾಯಲ್ಲೂ ಅದೇ ನಿಂತಿತು. ಅವನ ಹೆಗಲ ಮೇಲೆ ಸದಾ ಎದೆಮಟ್ಟದ ಒಂದು ಕಬ್ಬಿಣದ ಸಲಾಕೆ ಇರುತ್ತಿತ್ತು. ಮೇಲೆ ಅಡ್ಡ ಹಿಡಿಕೆ, ಕೆಳಗೆ ಚೌಕದ ಬಾಯಿ. ರಸ್ತೆಯ ನಡುವಿನ ಗುಂಡಿಯ ಮುಚ್ಚಳ ಎತ್ತಿ, ಆ ಬಾಯಿಯನ್ನು ಒಳಗಿನ ವಾಲ್ವಿಗೆ ಕೂರಿಸಿ ತಿರುಗಿಸಿದರೆ ಬೀದಿಗೆ ನೀರು. ಇಷ್ಟೇ ಅವನ ಕೆಲಸ. ಒಂದು ದಿನ ಗುಡ್ಡದ ಈ ಮಗ್ಗುಲಿನ ಬೀದಿಗಳಿಗೆ, ಮರುದಿನ ಆ ಮಗ್ಗುಲಿನ ಬೀದಿಗಳಿಗೆ.

ಅವನು ವಾಲ್ವನ್ನು ಅವಸರದಲ್ಲಿ ತಿರುಗಿಸಿದ್ದನ್ನು ಯಾರೂ ಕಂಡಿಲ್ಲ. ಒಂದೆರಡು ಸುತ್ತು ತಿರುಗಿಸಿ, ಸಲಾಕೆಗೆ ಒರಗಿ ನಿಲ್ಲುವನು. ಖಾಲಿ ಪೈಪುಗಳ ಗಾಳಿ ಮನೆಮನೆಯ ನಲ್ಲಿಗಳಿಂದ ಬುಸುಗುಟ್ಟಿ ಹೊರಡುವುದನ್ನು ಕೇಳಿಸಿಕೊಳ್ಳುವನು. ಆಮೇಲೆ ಇನ್ನೊಂದು ಸುತ್ತು. ಒಮ್ಮೆಗೇ ತೆರೆದರೆ ಪೈಪು ಅದುರುತ್ತದೆ, ತಳದ ಕೆಸರೆಲ್ಲ ಎದ್ದು ಜನರ ಬಿಂದಿಗೆಗೆ ಬರುತ್ತದೆ ಎಂಬುದು ಅವನ ಲೆಕ್ಕ. ನೀರಿಗಾಗಿ ಕಾದು ಕಾದು ಸಾಕಾದವರು ಗೊಣಗಿದರೆ, "ಬರ್ತಾ ಇದೆ ತಾಯಿ, ನಡ್ಕೊಂಡು ಬರ್ತಾ ಇದೆ, ಓಡಿ ಬಂದ್ರೆ ಬಿದ್ದುಬಿಡುತ್ತೆ" ಅನ್ನುವನು. ಗೊಣಗಿದವರೂ ನಗುತ್ತಿದ್ದರು.

ಅವನಿದ್ದದ್ದು ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಭಾವ ಪ್ಲಂಬರು. ಮದುವೆಯಾದ ಹೊಸದರಲ್ಲೇ, ಮೀಸೆ ಮೂಡದ ಈ ಹುಡುಗನನ್ನು ಕರೆದುಕೊಂಡು ಹೋಗಿ ಪೈಪು ಕೊಯ್ಯುವುದು, ಅದರ ತುದಿಗೆ ತಿರುಪಿನ ಗೀರು ಹಾಕುವುದು, ಸೋರುವ ಕಡೆ ನೂಲು ಸುತ್ತುವುದು ಎಲ್ಲ ಕಲಿಸಿದವನು ಅವನೇ. ನೀರಿನ ಇಲಾಖೆಯಲ್ಲಿ ಜಾಗ ಖಾಲಿಯಿದೆ ಎಂದು ತಿಳಿದು ಕೈಹಿಡಿದು ಕರೆದೊಯ್ದವನೂ ಅವನೇ. ಭಾವನದು ದೊಡ್ಡ ಗಂಟಲು, ದೊಡ್ಡ ಕೈ, ದೊಡ್ಡ ಮನಸ್ಸು. ತಾನು ಮಾಡಿದ್ದೇ ಸರಿ ಎನ್ನುವ ಸ್ವಭಾವ ಮಾತ್ರ ಸ್ವಲ್ಪ ಜಾಸ್ತಿ. ಕೀಲಿಮಾವನ ಮದುವೆಯ ಮಾತು ಎರಡು ಸಲ ಬಂದು ಹಾಗೇ ಹೋಗಿತ್ತು. ಅದಕ್ಕಾಗಿ ಅವನೇನೂ ಕೊರಗಲಿಲ್ಲ. ಹೊತ್ತಿಗೆ ಸರಿಯಾಗಿ ಅಕ್ಕನ ಕೈ ಊಟ, ಭಾವನ ಹರಟೆ, ಮೇಲೆ ಗಾಳಿಯಾಡುವ ಕೋಣೆ. ಇನ್ನೇನು ಬೇಕು?

ಹೀಗಿರುವಾಗ ಅಕ್ಕ ಹೊಸ ಕಸುಬು ಶುರುಮಾಡಿದಳು. ಹತ್ತಿರದ ವಸತಿಗೃಹದವರ ಹೊದಿಕೆ, ದಿಂಬಿನ ಚೀಲ, ಟವೆಲುಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವ ಕೆಲಸ. ಹಿತ್ತಿಲ ಕೊಟ್ಟಿಗೆಯಲ್ಲಿ ಎರಡು ಒಗೆಯುವ ಯಂತ್ರ ಬಂದವು, ಮಹಡಿಯ ಉದ್ದಕ್ಕೂ ತಂತಿ ಬಂತು. ಗಾಳಿ ಬೀಸಿದಾಗ ಮನೆಯೇ ಹಾಯಿ ಬಿಚ್ಚಿದ ಹಡಗಿನಂತೆ ಕಾಣುತ್ತಿತ್ತು. ಅಕ್ಕನ ಮುಖದಲ್ಲಿ ಹೊಸ ಕಳೆ. ಆದರೆ ನೀರು ಸಾಲಲಿಲ್ಲ. ಅಂಗಳದಡಿಯ ಸಂಪು ಮೊದಲು ಹೇಗೋ ಮುಕ್ಕಾಲು ತುಂಬುತ್ತಿತ್ತು. ಮೂವರ ಮನೆಗೆ ಅದು ಧಾರಾಳ. ಈಗ ಯಂತ್ರಗಳು ಅರ್ಧ ದಿನದಲ್ಲೇ ಅದನ್ನು ಕುಡಿದು ಮುಗಿಸುತ್ತಿದ್ದವು.

"ಅದಕ್ಕೇನಂತೆ, ಪೈಪು ದೊಡ್ಡದು ಮಾಡಿದ್ರಾಯ್ತು" ಎಂದ ಭಾವ. ಒಂದು ಭಾನುವಾರ ಅಂಗಳ ಅಗೆದು, ಮೀಟರಿನಿಂದ ಸಂಪಿನವರೆಗಿನ ಹಳೆಯ ಅರ್ಧ ಇಂಚಿನ ಪೈಪು ಕಿತ್ತು, ಒಂದು ಇಂಚಿನದನ್ನು ಹಾಕಿದ. ಅದೇ ಕೈಯಲ್ಲಿ, ಸಂಪು ತುಂಬಿದಾಗ ಚೆಂಡು ತೇಲಿ ನೀರು ತಡೆಯುವ ಬಾಲ್ ವಾಲ್ವನ್ನೂ ಬದಲಾಯಿಸಿದ. ಹಳೆಯದರ ಪ್ಲಾಸ್ಟಿಕ್ ಚೆಂಡು ಬಿರುಕು ಬಿಟ್ಟು ಒಳಗೆ ನೀರು ಸೇರಿಕೊಂಡು, ತೇಲದೆ ಮುಳುಗಿಯೇ ಇದ್ದು, ಒಮ್ಮೆ ಸಂಪು ಉಕ್ಕಿ ಪಕ್ಕದ ಮನೆಯವರ ಮೆಟ್ಟಿಲವರೆಗೂ ನೀರು ಹೋಗಿತ್ತು. ಅವತ್ತು ಪಕ್ಕದ ಮನೆಯಾಕೆ ಆಡಿದ ಮಾತು ಭಾವನ ಕಿವಿಯಲ್ಲಿ ಇನ್ನೂ ಇತ್ತು. ಆದ್ದರಿಂದ ಅಂಗಡಿಯಲ್ಲಿದ್ದ ಗಟ್ಟಿಮುಟ್ಟಾದ ಹಿತ್ತಾಳೆಯ ವಾಲ್ವ್ ತಂದು ಕೂರಿಸಿ, ಚೆಂಡಿನ ಕಡ್ಡಿಯನ್ನೂ ಚೆನ್ನಾಗಿ ಕೆಳಕ್ಕೆ ಬಗ್ಗಿಸಿ, "ಇನ್ನು ಜನ್ಮದಲ್ಲಿ ಉಕ್ಕಲ್ಲ" ಎಂದು ಕೈ ಒರೆಸಿಕೊಂಡ.

ಉಕ್ಕಲಿಲ್ಲ, ನಿಜ. ತುಂಬಲೂ ಇಲ್ಲ. ನೀರು ನಿಲ್ಲುವ ಹೊತ್ತಿಗೆ ಸಂಪು ಅರ್ಧವೂ ಆಗಿರುತ್ತಿರಲಿಲ್ಲ.

"ಪೈಪು ಎರಡರಷ್ಟು ಮಾಡಿದೀನಿ, ನೀರು ಅರ್ಧ ಆಗಿದೆ. ಇದೆಂಥ ಮಾಯೆ!" ಎಂದು ಭಾವ ಊಟಕ್ಕೆ ಕೂತಾಗ ಶುರು ಮಾಡಿದ. "ಏನಯ್ಯಾ, ನಮ್ಮ ಬೀದಿ ವಾಲ್ವ್ ಪೂರ್ತಿ ತೆಗೀತೀಯೋ ಇಲ್ಲ, ನಿದ್ದೆಗಣ್ಣಲ್ಲಿ ಮುಟ್ಟಿ ಹೋಗ್ತೀಯೋ?"

"ಪೂರ್ತಿ ತೆಗೆಯೋ ಹಾಗಿಲ್ಲ ಭಾವ. ಪೂರ್ತಿ ತೆಗೆದ್ರೆ ಮೇಲಿನ ಬೀದಿಗೆ ನೀರು ಹತ್ತಲ್ಲ. ಮೊದಲಿಂದ ಎಷ್ಟಿತ್ತೋ ಅಷ್ಟೇ ಇದೆ."

"ಊರಿಗೆಲ್ಲ ನೀರು ಕೊಡ್ತೀಯ, ಸ್ವಂತ ಅಕ್ಕನ ಮನೇಲಿ ಬಟ್ಟೆ ನೊರೇಲೇ ಒಣಗ್ತಾ ಇದೆ!"

ಭಾವ ಹೇಳಿದ್ದು ತಮಾಷೆಗೇ. ಆದರೆ ದಿನಾ ಅದೇ ತಮಾಷೆ. ಕೀಲಿಮಾವ ಬೇಗ ಉಂಡು ಮೇಲೆ ಹೋಗತೊಡಗಿದ. ಕೊನೆಗೊಂದು ಸಂಜೆ ಅಕ್ಕ ಒಣಗಿದ ಹೊದಿಕೆಗಳನ್ನು ಮಡಿಸುತ್ತ, ಅವನ ಮುಖ ನೋಡದೆ ಕೇಳಿದಳು.

"ತಮ್ಮಾ, ನಮ್ಮ ಬೀದಿಗೆ ಒಂದೆರಡು ಸುತ್ತು ಜಾಸ್ತಿ ತಿರುಗಿಸಿದ್ರೆ ಏನಾಗುತ್ತೋ?"

ಅಕ್ಕ ತನಗಾಗಿ ಏನನ್ನೂ ಕೇಳಿದವಳಲ್ಲ. "ಆಗಲಿ ಅಕ್ಕಾ" ಎಂದುಬಿಟ್ಟ.

ಮರುದಿನ ಬೆಳಿಗ್ಗೆ ಎರಡು ಸುತ್ತು ಜಾಸ್ತಿ ತಿರುಗಿಸಿದ. ತಿರುಗಿಸಿದ ಮೇಲೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಮೇಲಿನ ಬೀದಿಗೆ ಹತ್ತಿ ನೋಡಿದರೆ ಹಾಲು ಮಾರುವ ಅಜ್ಜಿ ಬಿಂದಿಗೆ ಇಟ್ಟುಕೊಂಡು ಕೂತಿದ್ದಾಳೆ. ನಲ್ಲಿಯಲ್ಲಿ ನೂಲಿನೆಳೆಯಷ್ಟು ನೀರು.

"ಏನಪ್ಪಾ ಕೀಲಿ, ಇವತ್ತು ನೀರಿಗೆ ಮಂಡಿ ನೋವಾ? ಮೇಲೆ ಹತ್ತಲಾರದು ಅಂತ ಕಾಣುತ್ತೆ" ಎಂದಳು ಅಜ್ಜಿ.

ಅವನಿಗೆ ಮುಖ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ. "ಈಗ ಸರಿ ಮಾಡ್ತೀನಿ ಅಜ್ಜಿ" ಎಂದು ದಡದಡ ಇಳಿದು ಬಂದ. ಇಳಿಯುವಾಗ ಅಕ್ಕನ ಬೀದಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಪಕ್ಕದ ಮನೆಯ ಸಂಪು ಆಗಲೇ ತುಂಬಿ ಅವರು ನಲ್ಲಿ ನಿಲ್ಲಿಸಿ ಒಳಗೆ ಹೋಗಿದ್ದರು. ಎದುರು ಮನೆಯಾತ ಗಿಡಗಳಿಗೆ ಕೊಳವೆ ಹಿಡಿದು ನಿಂತಿದ್ದ. ಅಕ್ಕನ ಅಂಗಳದಲ್ಲಿ ಸಂಪಿನ ಮುಚ್ಚಳ ಸರಿಸಿ ನೋಡಿದರೆ ನೀರು ಎಂದಿನಷ್ಟೇ, ಒಂದು ಗೇಣೂ ಹೆಚ್ಚಿರಲಿಲ್ಲ.

ಕೀಲಿಮಾವ ಹಾಗೇ ನಿಂತ. ಬೀದಿಗೆಲ್ಲ ನೀರು ಹೆಚ್ಚಾಗಿದೆ, ಈ ಮನೆಗೆ ಮಾತ್ರ ಇಲ್ಲ. ಅಂದ ಮೇಲೆ ನೀರಿನ ಕುತ್ತಿಗೆ ಹಿಚುಕುತ್ತಿರುವುದು ಬೀದಿಯ ವಾಲ್ವಲ್ಲ, ಅಂಗಳದೊಳಗಿನ ಯಾವುದೋ ಒಂದು.

ಮೊದಲು ಹೋಗಿ ಬೀದಿಯ ವಾಲ್ವನ್ನು ಹಿಂದಿನಷ್ಟಕ್ಕೇ ತಂದ. ಆಮೇಲೆ ಅಂಗಳಕ್ಕೆ ಬಂದು ಮೀಟರಿನ ಪಕ್ಕದ ಗೇಟ್ ವಾಲ್ವ್ ಮುಟ್ಟಿ ನೋಡಿದ, ಪೂರ್ತಿ ತೆರೆದೇ ಇತ್ತು. ಅದೇ ಪೈಪಿನಲ್ಲಿ, ಸಂಪಿಗೆ ಒಂದು ಮಾರು ಮೊದಲು, ಕೈಕಾಲು ತೊಳೆಯಲು ಒಂದು ನಲ್ಲಿ ಇತ್ತು. ಅದರ ಕೆಳಗೆ ಬಕೆಟ್ ಇಟ್ಟು ತಿರುಗಿಸಿದ. ಬಕೆಟ್ ನೋಡನೋಡುತ್ತಲೇ ತುಂಬಿತು. ಇಲ್ಲಿಯವರೆಗೆ ನೀರು ಬರುತ್ತಿದೆ. ಸಂಪಿನೊಳಗೆ ಬಗ್ಗಿ ಬ್ಯಾಟರಿ ಬಿಟ್ಟ. ಒಂದು ಇಂಚಿನ ಹೊಸ ಪೈಪು, ಅದರ ತುದಿಯಲ್ಲಿ ಮಿನುಗುವ ಹಿತ್ತಾಳೆಯ ವಾಲ್ವ್, ಅದರಿಂದ ಪೆನ್ಸಿಲಿಗಿಂತ ಸಣ್ಣ ಧಾರೆ.

ಕಾರಣ ಅವನಿಗೆ ಹೊಳೆಯಿತು. ಈಗ ಹೇಳುವುದು ಹೇಗೆ? ಪೈಪು ಹಿಡಿಯಲು ಕಲಿಸಿದವನಿಗೇ, ನೀವು ಹಾಕಿದ್ದು ತಪ್ಪು ಅನ್ನಲು ಬಾಯಿ ಬರಲಿಲ್ಲ. ಒಳಗೆ ಹೋಗಿ, ಚಹಾ ಕುಡಿಯುತ್ತಿದ್ದ ಭಾವನ ಮುಂದೆ ನಿಂತ.

"ಭಾವಾ, ಸ್ವಲ್ಪ ಬನ್ನಿ. ನಂಗೊಂದು ಸರಿಯಾಗಿ ತಿಳೀತಿಲ್ಲ. ನೀವೇ ನೋಡಿ ಹೇಳ್ಬೇಕು."

ಭಾವ ಲೋಟ ಹಿಡಿದೇ ಬಂದ. ತುಂಬಿದ ಬಕೆಟ್ ನೋಡಿದ. ಲೋಟ ಪಕ್ಕಕ್ಕಿಟ್ಟು, ಮಂಡಿಯೂರಿ ಸಂಪಿನೊಳಗೆ ಇಣುಕಿದ.

"ಗೇಟ್ ವಾಲ್ವ್ ಮುಚ್ಚು" ಎಂದ ಭಾವ. ಪಾನಾ ತಂದು, ಕೈ ಇಳಿಬಿಟ್ಟು, ಹಿತ್ತಾಳೆಯ ವಾಲ್ವನ್ನೇ ಬಿಚ್ಚಿ ತೆಗೆದ. "ಈಗ ಬಿಡು."

ಗುಳುಗುಳು ಎಂದು ಹೆಬ್ಬೆರಳಿಗಿಂತ ದಪ್ಪ ಧಾರೆ ಸಂಪಿಗೆ ಬಿತ್ತು. ಸದ್ದು ಕೇಳಿ ಅಕ್ಕ ಕೈಯಲ್ಲಿದ್ದ ಟವೆಲು ಸಮೇತ ಓಡಿಬಂದಳು.

ಭಾವ ವಾಲ್ವನ್ನು ಬೆಳಕಿಗೆ ಹಿಡಿದು ಅದರ ಬಾಯೊಳಗೆ ನೋಡಿದ. ಕಡಲೆಕಾಳೂ ತೂರದಷ್ಟು ಸಣ್ಣ ತೂತು. "ಇದು ಜೋರು ಒತ್ತಡ ಇರೋ ಕಡೆ ಹಾಕೋದು ಕಣಯ್ಯಾ. ನೀರು ನುಗ್ಗಿ ಬಂದ್ರೂ ಸಣ್ಣ ಚೆಂಡೇ ತಡ್ಕೊಳ್ಳಲಿ ಅಂತ ತೂತು ಸಣ್ಣದಿಟ್ಟಿರ್ತಾರೆ. ನಮ್ಮ ಬೀದಿಯ ಬಡಪಾಯಿ ನೀರಿಗೆ ಇದನ್ನ ಹಾಕಿದ್ರೆ..." ಎಂದವನು ತಡೆದ. ಆಮೇಲೆ ಕಡ್ಡಿ ನೋಡಿದ. "ಅದೂ ಸಾಲ್ದು ಅಂತ ಕಡ್ಡೀನ ಪಾತಾಳಕ್ಕೆ ಬಗ್ಗಿಸಿದೀನಿ. ಸಂಪು ಅರ್ಧ ತುಂಬೋ ಮೊದಲೇ ಚೆಂಡು ತೇಲಿ, ಇರೋ ತೂತನ್ನೂ ಮುಚ್ಚೋಕೆ ಶುರು ಮಾಡುತ್ತೆ."

ಥಟ್ಟನೆ ಭಾವ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಪಕ್ಕದಲ್ಲಿಟ್ಟಿದ್ದ ಲೋಟಕ್ಕೆ ಕಾಲು ತಾಗಿ ಚಹಾ ಅಂಗಳಕ್ಕೆ ಚೆಲ್ಲಿತು.

"ಮನೆ ಬಾಗಿಲು ನಾನೇ ಹಾಕ್ಕೊಂಡು, ಬೀದೀಲಿ ನಿಂತೋನಿಗೆ ಬೈದೆ ನೋಡೇ! ಏನಯ್ಯಾ, ನಿಂಗೆ ಮೊದಲೇ ಗೊತ್ತಾಗಿತ್ತು ಅಲ್ವಾ? ಏನೂ ಗೊತ್ತಿಲ್ಲದೋನ ಹಾಗೆ ಕರ್ಕೊಂಡು ಬಂದೆ!"

"ಇವತ್ತೇ ಗೊತ್ತಾಗಿದ್ದು ಭಾವ" ಎಂದ ಕೀಲಿಮಾವ. ಅವನಿಗೂ ನಗು ತಡೆಯಲಾಗಲಿಲ್ಲ.

"ನಗೋದು ಆಮೇಲೆ. ನನ್ನ ಅಂಗಳ ಅಗೆದದ್ದೂ ದಂಡವೇನ್ರೀ ಹಾಗಾದ್ರೆ?" ಎಂದಳು ಅಕ್ಕ.

"ಪೂರ್ತಿ ದಂಡ ಅಲ್ಲ ಕಣೇ" ಎಂದ ಭಾವ, ತಲೆ ಕೆರೆದುಕೊಳ್ಳುತ್ತ. "ರಸ್ತೆಯಿಂದ ಮೀಟರ್‌ವರೆಗೆ ಇನ್ನೂ ಅರ್ಧ ಇಂಚೇ. ಈ ಕಡೆ ಎಷ್ಟು ದೊಡ್ಡದು ಹಾಕಿದ್ರೂ ಅಲ್ಲಿ ಬಂದಷ್ಟೇ ಬರೋದು. ಆದ್ರೆ ಹಳೇ ಪೈಪಿನೊಳಗೆ ತುಕ್ಕು ಕಟ್ಟಿತ್ತು, ಅದೊಂದು ತೊಲಗ್ತಲ್ಲ."

ಅವತ್ತೇ ಅಂಗಡಿಯಿಂದ ಕಡಿಮೆ ಒತ್ತಡಕ್ಕೆಂದೇ ಮಾಡಿದ, ಅಗಲ ಬಾಯಿಯ ವಾಲ್ವ್ ಬಂತು. ಬಾಯಿ ಅಗಲವಾದರೆ ಅದನ್ನು ಒತ್ತಿ ಮುಚ್ಚಲು ಬಲವೂ ಹೆಚ್ಚು ಬೇಕು ಎಂದು ಭಾವ ದೊಡ್ಡ ಚೆಂಡನ್ನೂ ಉದ್ದ ಕಡ್ಡಿಯನ್ನೂ ಆರಿಸಿದ. ಚೆಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿಲ್ಲವೆಂದು ಖಾತ್ರಿ ಮಾಡಿಕೊಂಡ. ಇಬ್ಬರೂ ಸೇರಿ ಕೂರಿಸಿದರು. ಚೆಂಡು ಗೋಡೆಗೆ ತಾಗದೆ ಏರಿಳಿಯುತ್ತದೆಯೇ ಎಂದು ಕೀಲಿಮಾವ ಕೈಯಿಂದ ಎತ್ತಿ ಎತ್ತಿ ನೋಡಿದ. ನೀರು ಪೈಪಿನ ಬಾಯಿಗೆ ನಾಲ್ಕು ಬೆರಳು ಕೆಳಗಿರುವಾಗ ವಾಲ್ವ್ ಮುಚ್ಚಬೇಕು, ಅಷ್ಟಕ್ಕೆ ಕಡ್ಡಿ ಬಗ್ಗಿಸಿದರು.

"ಬೀಳೋ ಸದ್ದು ಜಾಸ್ತಿ ಆಗುತ್ತಲ್ಲ. ಬಾಯಿಗೊಂದು ಪೈಪು ಸಿಕ್ಕಿಸಿ ನೀರೊಳಗೆ ಮುಳುಗಿಸಬಾರದಾ?" ಎಂದು ಕೇಳಿದಳು ಅಕ್ಕ.

"ಬೇಡಕ್ಕಾ. ನಾನು ಬೀದಿ ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿ ಆಗುತ್ತೆ. ಮುಳುಗಿದ ಪೈಪಿದ್ರೆ ನಿನ್ನ ಸಂಪಿನ ನೀರನ್ನೇ ವಾಪಸ್ ಎಳ್ಕೊಂಡ್ರೂ ಎಳ್ಕೊಂಡೀತು. ಬಾಯಿ ಮೇಲೇ ಇರಲಿ."

ಈ ಮಗ್ಗುಲಿಗೆ ಮತ್ತೆ ನೀರಿನ ಸರದಿ ಬಂದ ಬೆಳಿಗ್ಗೆ ಕೀಲಿಮಾವ ಎಂದಿನಂತೆಯೇ ತಿರುಗಿಸಿದ, ಅರ್ಧ ಸುತ್ತೂ ಹೆಚ್ಚಿಲ್ಲ. ಮೇಲಿನ ಬೀದಿಗೆ ಹೋಗಿ ಅಜ್ಜಿಯ ಬಿಂದಿಗೆ ತುಂಬುವವರೆಗೂ ನಿಂತಿದ್ದು, ಹಿಂದಿನ ಸರದಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ. "ಅಕ್ಕನಿಗಾಗಿ ಮಾಡಿದ್ಯಾ? ಹೋಗಲಿ ಬಿಡು. ನಂಗೂ ಒಬ್ಬ ತಮ್ಮ ಇದ್ದಾನೆ, ಒಂದು ಚೊಂಬು ನೀರು ಕೊಟ್ಟೋನಲ್ಲ" ಎಂದಳು ಅಜ್ಜಿ.

ಅವನು ಮನೆಗೆ ಬರುವ ಹೊತ್ತಿಗೆ ಅಕ್ಕ ಭಾವ ಇಬ್ಬರೂ ಸಂಪಿನ ಬಾಯಿಯ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ನೀರು ಮೇಲಿನವರೆಗೂ ಬಂದಿತ್ತು. ಚೆಂಡು ನೀರಿನ ಜೊತೆ ಏರುತ್ತ, ಧಾರೆ ಸಣ್ಣದಾಗುತ್ತ ಬಂತು. ಕೊನೆಗೆ ಸಣ್ಣಗೆ ಸಿಳ್ಳೆ ಹಾಕಿದಂತೆ ಸದ್ದಾಗಿ ನಿಂತಿತು. ಮೂವರೂ ಬಗ್ಗಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ.

"ಇವತ್ತು ಎರಡೂ ಯಂತ್ರ ಒಟ್ಟಿಗೆ ಹಾಕ್ತೀನಿ" ಎಂದು ಅಕ್ಕ ಎದ್ದಳು. ಭಾವ ಅಷ್ಟರಲ್ಲಿ ಬೇಲಿಯಾಚೆ ಪಕ್ಕದ ಮನೆಯಾಕೆಯನ್ನು ಕರೆದು, ತನ್ನ ಪೆದ್ದುತನದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳತೊಡಗಿದ್ದ. ಅವನ ಕಥೆಯಲ್ಲಿ ವಾಲ್ವಿನ ತೂತು ಆಗಲೇ ಸಾಸಿವೆಕಾಳಿನಷ್ಟಾಗಿತ್ತು. ಕೀಲಿಮಾವ ಮುಚ್ಚಳ ಎಳೆದು ಮುಚ್ಚಿ, ಕೈ ತೊಳೆದು, ತಿಂಡಿಗೆ ಒಳಗೆ ನಡೆದ. ಅವನಿಗೆ ಜೋರು ಹಸಿವಾಗಿತ್ತು.